ನಿಮ್ಮ ಏಳು ಗಂಟೆ ಯಾವ ಊರಿನದು?

"ಬರುವ ಭಾನುವಾರ ಸಂಜೆ 7ಕ್ಕೆ ಆನ್‌ಲೈನ್ ಸಭೆ. ಎಲ್ಲರೂ ತಪ್ಪದೆ ಬನ್ನಿ."

ಶಿರಸಿ ಕಡೆಯ ಒಂದು ಶಾಲೆಗೆ ನೂರು ವರ್ಷ ತುಂಬುತ್ತಿದೆ, ಹಳೆ ವಿದ್ಯಾರ್ಥಿಗಳ ವಾಟ್ಸ್‌ಆಪ್ ಗುಂಪಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಈ ಸಂದೇಶ ಹಾಕಿದ್ದಾರೆ ಎಂದು ಇಟ್ಟುಕೊಳ್ಳೋಣ. ಸಂದರ್ಭ ಕಲ್ಪನೆಯದು, ಲೆಕ್ಕ ನಿಜದ್ದು. ಆ ಭಾನುವಾರ 2025ರ ಮಾರ್ಚ್ 16. ಸಭೆಗೆ ಬೇಕಾದವರು ಮೇಷ್ಟ್ರ ಜೊತೆ ಇನ್ನೂ ಮೂವರು. ಗುಂಪಿನಲ್ಲಿ ಅವರು ಗುರುತಾಗಿರುವುದು ಅಮೆರಿಕದಾಕೆ, ಆಸ್ಟ್ರೇಲಿಯಾದಾತ, ಜರ್ಮನಿಯಾತ ಎಂದಷ್ಟೆ. ಯಾರು ಯಾವ ಊರಲ್ಲಿದ್ದಾರೆ, ಅವರ ಗಡಿಯಾರ ಏನು ತೋರಿಸುತ್ತದೆ, ದಿನದ ಯಾವ ಹೊತ್ತು ಅವರಿಗೆ ಬಿಡುವು ಎಂಬುದು ಎಲ್ಲೂ ಬರೆದಿಲ್ಲ.

ಹೀಗಿದ್ದೂ ಎಷ್ಟನ್ನು ತಿಳಿಯಬಹುದು, ಎಷ್ಟನ್ನು ಕೇಳಲೇಬೇಕು ಎಂಬುದು ಈ ಅಧ್ಯಾಯದ ವಿಷಯ.

ಮೊದಲು ದೇಶದ ಹೆಸರಿನಿಂದಲೇ ಎಷ್ಟು ಸಿಗುತ್ತದೆ ನೋಡೋಣ. ಭಾರತಕ್ಕೆ ಒಂದೇ ಸಮಯ. ಮಿರ್ಜಾಪುರದ ಬಳಿ ಹಾದುಹೋಗುವ 82.5 ಡಿಗ್ರಿ ಪೂರ್ವ ರೇಖಾಂಶವನ್ನು ಹಿಡಿದು 1906ರಿಂದ ನಡೆದುಬಂದಿರುವ ಈ ಸಮಯ, ಜಗತ್ತಿನ ಉಲ್ಲೇಖ ಸಮಯವಾದ ಯುಟಿಸಿಗಿಂತ ಐದೂವರೆ ಗಂಟೆ ಮುಂದಿದೆ. ವರ್ಷವಿಡೀ ಅಷ್ಟೇ. ಜರ್ಮನಿಯಲ್ಲೂ ಹ್ಯಾಂಬರ್ಗಿನಿಂದ ಮ್ಯೂನಿಕ್‌ವರೆಗೆ ಒಂದೇ ಸಮಯ. ಆದರೆ ಅಲ್ಲಿ ಬೇಸಿಗೆಗೊಂದು, ಚಳಿಗಾಲಕ್ಕೊಂದು. ಮಾರ್ಚ್ 16ರಂದು ಇನ್ನೂ ಚಳಿಗಾಲದ ಸಮಯ, ಅಂದರೆ ಯುಟಿಸಿಗಿಂತ ಒಂದು ಗಂಟೆ ಮುಂದೆ. ಹೀಗಾಗಿ ಈ ಇಬ್ಬರನ್ನು ಊರು ಕೇಳುವ ಅಗತ್ಯವಿಲ್ಲ. ಜಪಾನ್, ಸಿಂಗಪುರ, ಸಂಯುಕ್ತ ಅರಬ್ ಎಮಿರೇಟ್ಸ್‌ನವರನ್ನೂ ಕೇಳಬೇಕಾಗಿಲ್ಲ.

ಅಮೆರಿಕ, ಆಸ್ಟ್ರೇಲಿಯಾ ಹಾಗಲ್ಲ. ಮೇಷ್ಟ್ರ ಏಳು ಗಂಟೆ ಯುಟಿಸಿಯಲ್ಲಿ ಮಧ್ಯಾಹ್ನ 1.30. ಅದೇ ಕ್ಷಣದಲ್ಲಿ ಪರ್ತ್‌ನಲ್ಲಿ ರಾತ್ರಿ 9.30 ಆಗಿರುತ್ತದೆ. ಡಾರ್ವಿನ್‌ನಲ್ಲಿ 11, ಬ್ರಿಸ್ಬೇನ್‌ನಲ್ಲಿ 11.30, ಅಡಿಲೇಡ್‌ನಲ್ಲಿ ಸರಿಯಾಗಿ ಮಧ್ಯರಾತ್ರಿ. ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಸೋಮವಾರ ಶುರುವಾಗಿ ಅರ್ಧ ಗಂಟೆ ಕಳೆದಿರುತ್ತದೆ. ಒಂದೇ ಭೂಖಂಡದಲ್ಲಿ ಐದು ಬಗೆಯ ಸಮಯ, ಅದರಲ್ಲೂ ಎರಡು ಅರ್ಧ ಗಂಟೆಯ ಲೆಕ್ಕದವು. ಇನ್ನೊಂದು ವಿಚಿತ್ರವನ್ನೂ ಗಮನಿಸಿ. ಬ್ರಿಸ್ಬೇನ್ ಇರುವುದು ಸಿಡ್ನಿಗಿಂತ ಪೂರ್ವಕ್ಕೆ, ಆದರೂ ಅದರ ಗಡಿಯಾರ ಸಿಡ್ನಿಗಿಂತ ಒಂದು ಗಂಟೆ ಹಿಂದೆ. ಸಿಡ್ನಿ ಬೇಸಿಗೆಯಲ್ಲಿ ಗಡಿಯಾರ ಮುಂದೂಡುತ್ತದೆ, ಬ್ರಿಸ್ಬೇನ್ ಇರುವ ಕ್ವೀನ್ಸ್‌ಲ್ಯಾಂಡ್ ರಾಜ್ಯ ಆ ಗೋಜಿಗೆ ಹೋಗುವುದಿಲ್ಲ. ಅಮೆರಿಕದಲ್ಲಿ ಅದೇ ಕ್ಷಣ ನ್ಯೂಯಾರ್ಕ್‌ಗೆ ಬೆಳಿಗ್ಗೆ 9.30, ಶಿಕಾಗೋಗೆ 8.30, ಡೆನ್ವರ್‌ಗೆ 7.30, ಲಾಸ್ ಏಂಜಲೀಸ್‌ಗೆ 6.30, ಹವಾಯಿಗೆ ನಸುಕಿನ 3.30.

ಸೂರ್ಯನನ್ನು ನೋಡಿ ಇದನ್ನೆಲ್ಲ ಊಹಿಸಲು ಬಾರದು. 1884ರಲ್ಲಿ ವಾಷಿಂಗ್ಟನ್‌ನಲ್ಲಿ ಸೇರಿದ ದೇಶಗಳು ಗ್ರೀನಿಚ್ ರೇಖಾಂಶವನ್ನು ಸೊನ್ನೆ ಎಂದು ಒಪ್ಪಿಕೊಂಡವೇ ಹೊರತು ಯಾವ ದೇಶ ಯಾವ ಸಮಯ ಇಟ್ಟುಕೊಳ್ಳಬೇಕು ಎಂದು ವಿಧಿಸಲಿಲ್ಲ. ಅದು ಆಯಾ ಸರ್ಕಾರದ ಇಷ್ಟ. ಅಷ್ಟು ಅಗಲದ ಚೀನಾ ಒಂದೇ ಸಮಯ ಇಟ್ಟುಕೊಂಡಿದೆ, ಪುಟ್ಟ ನೇಪಾಳ ನಮಗಿಂತ ಹದಿನೈದು ನಿಮಿಷ ಮುಂದೆ ನಿಂತಿದೆ. ಕಾಲವಲಯದ ನಕ್ಷೆಯಲ್ಲಿ ಭೂಗೋಳಕ್ಕಿಂತ ರಾಜಕೀಯ ಹೆಚ್ಚು.

ಕೇಳುವುದಕ್ಕೆ ಸಂಕೋಚ ಎನ್ನುವವರು ಪತ್ತೇದಾರಿಕೆಗೆ ಇಳಿಯುತ್ತಾರೆ. ಅವರಿಗೆ ಸಿಗುವ ಮೊದಲ ಸುಳಿವು ಫೋನ್ ನಂಬರು. +61 ಎಂದರೆ ಆಸ್ಟ್ರೇಲಿಯಾ, ಅಷ್ಟೆ. ಅಲ್ಲಿನ ಮೊಬೈಲ್ ನಂಬರು ಊರು ಹೇಳುವುದಿಲ್ಲ. +1 ಎಂದರೆ ಅಮೆರಿಕವೂ ಆಗಬಹುದು, ಕೆನಡಾವೂ ಆಗಬಹುದು, ಕೆರಿಬಿಯನ್ ದ್ವೀಪಗಳಲ್ಲಿ ಹಲವೂ ಆಗಬಹುದು. ನಂತರದ ಮೂರು ಅಂಕಿ ಒಂದು ಪ್ರದೇಶವನ್ನು ಸೂಚಿಸುತ್ತದೆ ನಿಜ, ಆದರೆ ಕ್ಯಾಲಿಫೋರ್ನಿಯಾದಲ್ಲಿ ಓದುವಾಗ ತೆಗೆದುಕೊಂಡ ನಂಬರನ್ನು ಟೆಕ್ಸಸ್‌ಗೆ ಮನೆ ಬದಲಿಸಿದ ಮೇಲೂ ಜನ ಹಾಗೇ ಇಟ್ಟುಕೊಳ್ಳುತ್ತಾರೆ.

ಇದಕ್ಕಿಂತ ಗಟ್ಟಿ ಸುಳಿವು ಇಮೇಲಿನೊಳಗೆ ಇರುತ್ತದೆ. ಪ್ರತಿ ಇಮೇಲಿನ ತಲೆಬರಹದಲ್ಲಿ ಕಳಿಸಿದ ದಿನಾಂಕ, ಸಮಯದ ಜೊತೆಗೆ ಯುಟಿಸಿಯಿಂದ ಎಷ್ಟು ದೂರ ಎಂಬುದೂ ದಾಖಲಾಗುತ್ತದೆ. ಅಮೆರಿಕದಾಕೆಯ ಒಂದು ಪತ್ರದಲ್ಲಿ ಹೀಗಿತ್ತು ಎನ್ನಿ:

```
Date: Tue, 11 Mar 2025 21:14:05 -0700
```

ಕೊನೆಯ `-0700` ಎಂದರೆ ಆಕೆಯ ಗಡಿಯಾರ ಯುಟಿಸಿಗಿಂತ ಏಳು ಗಂಟೆ ಹಿಂದೆ. ಅಂದು ಆ ಅಂತರದಲ್ಲಿದ್ದದ್ದು ಕ್ಯಾಲಿಫೋರ್ನಿಯಾ. ಅರಿಜೋನಾದ ಫೀನಿಕ್ಸ್ ಕೂಡ ಅದೇ ಅಂತರದಲ್ಲಿತ್ತು. ಯಾವುದು ಎಂದು ತಿಳಿಯಲು ಆಕೆಯದೇ ಜನವರಿಯ ಪತ್ರವೊಂದನ್ನು ತೆಗೆದು ನೋಡಬೇಕು. ಅಲ್ಲಿ `-0800` ಇದ್ದರೆ ಕ್ಯಾಲಿಫೋರ್ನಿಯಾ ಇರುವ ಪೆಸಿಫಿಕ್ ವಲಯ. ಅಲ್ಲೂ `-0700` ಇದ್ದರೆ ಫೀನಿಕ್ಸ್, ಏಕೆಂದರೆ ಅರಿಜೋನಾದ ಬಹುಭಾಗ ಗಡಿಯಾರ ಮುಟ್ಟುವುದೇ ಇಲ್ಲ. ಒಂದು ಕ್ಷಣದ ಅಂತರ ಗೊತ್ತಿದ್ದ ಮಾತ್ರಕ್ಕೆ ಕಾಲವಲಯ ಗೊತ್ತಾದಂತಲ್ಲ. ವರ್ಷದ ಎರಡು ಋತುಗಳಲ್ಲಿ ಆ ಅಂತರ ಹೇಗೆ ನಡೆದುಕೊಳ್ಳುತ್ತದೆ ಎಂಬುದು ತಿಳಿದರೆ ಮಾತ್ರ ವಲಯ ತಿಳಿಯುತ್ತದೆ. ಈ ಸುಳಿವಿಗೂ ಮಿತಿಯಿದೆ. ಕೆಲವು ಸೇವೆಗಳು ಎಲ್ಲ ಪತ್ರಕ್ಕೂ `+0000` ಎಂದು ಒತ್ತಿಬಿಡುತ್ತವೆ. ಆಕೆ ಅಂದು ಪ್ರಯಾಣದಲ್ಲಿದ್ದಿರಲೂಬಹುದು.

ಸಂಕ್ಷಿಪ್ತ ಅಕ್ಷರಗಳನ್ನು ಮಾತ್ರ ಸುಳಿವೆಂದು ನಂಬಬೇಡಿ. ಐಎಸ್‌ಟಿ ಎಂದರೆ ನಮಗೆ ಭಾರತದ ಸಮಯ, ಇಸ್ರೇಲಿನವರಿಗೆ ಅವರದು, ಬೇಸಿಗೆಯಲ್ಲಿ ಐರ್ಲೆಂಡಿನವರಿಗೆ ಅವರದು. ಸಿಎಸ್‌ಟಿ ಶಿಕಾಗೋದ್ದೂ ಹೌದು, ಚೀನಾದ್ದೂ ಹೌದು.

ಈಗ ಲೆಕ್ಕಕ್ಕೆ ಬರೋಣ. ಊರು ಗೊತ್ತಿಲ್ಲದಿದ್ದರೂ ಒಂದು ಅಂದಾಜು ಹಾಕಿ ನೋಡಬಹುದು. ಎಲ್ಲರೂ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಮಾತಿಗೆ ಸಿಗುತ್ತಾರೆ ಎಂದು ತಾತ್ಕಾಲಿಕವಾಗಿ ಒಪ್ಪಿಕೊಳ್ಳೋಣ. ಆಕೆ ಅಮೆರಿಕದ ಪೂರ್ವ ತೀರದಲ್ಲಿರಬಹುದು ಅಥವಾ ಪಶ್ಚಿಮ ತೀರದಲ್ಲಿರಬಹುದು. ಆತ ಪರ್ತ್‌ನಲ್ಲಿರಬಹುದು ಅಥವಾ ಸಿಡ್ನಿ-ಮೆಲ್ಬರ್ನ್ ಕಡೆ ಇರಬಹುದು. ನಡುವಿನ ಊರುಗಳನ್ನು ಸದ್ಯಕ್ಕೆ ಬಿಡೋಣ. ನಾಲ್ಕು ಸಾಧ್ಯತೆ ಉಳಿಯುತ್ತವೆ.

ಆಕೆ ನ್ಯೂಯಾರ್ಕ್, ಆತ ಪರ್ತ್ ಆಗಿದ್ದರೆ ಮೇಷ್ಟ್ರು ಅದೃಷ್ಟವಂತರು. ಶಿರಸಿಯ ಸಂಜೆ 4.30ರಿಂದ 7.30ರವರೆಗೆ ಮೂರು ಗಂಟೆ ನಾಲ್ವರೂ ಎಚ್ಚರವಾಗಿರುತ್ತಾರೆ. ಆಕೆ ನ್ಯೂಯಾರ್ಕ್, ಆತ ಸಿಡ್ನಿ ಆದರೆ ಶಿರಸಿಯ 4.30ಕ್ಕೆ ಆಕೆಗೆ ಬೆಳಿಗ್ಗೆ ಸರಿಯಾಗಿ 7, ಆತನಿಗೆ ರಾತ್ರಿ ಸರಿಯಾಗಿ 10. ನಮ್ಮ ಸಂಜೆಯ ಹೊತ್ತಿನಲ್ಲಿ ಇಬ್ಬರ ದಿನಗಳು ಒಂದನ್ನೊಂದು ಮುಟ್ಟುತ್ತವೆ, ಒಂದರ ಮೇಲೊಂದು ಬರುವುದಿಲ್ಲ. ಆಕೆ ಪಶ್ಚಿಮ ತೀರ, ಆತ ಪರ್ತ್ ಆದರೂ ಅದೇ ಕತೆ, ಮುಟ್ಟುವ ಕ್ಷಣ ಮಾತ್ರ ಶಿರಸಿಯ 7.30. ಇನ್ನು ಆಕೆ ಪಶ್ಚಿಮ ತೀರ, ಆತ ಸಿಡ್ನಿ ಆದರಂತೂ ಸಿಡ್ನಿಯಾತ ಮಲಗಿ ಮೂರು ಗಂಟೆಯಾದ ಮೇಲೆ ಆಕೆ ಏಳುತ್ತಾಳೆ. ನಮ್ಮ ಸಂಜೆಯ ಸಭೆ ಅಲ್ಲಿಗೆ ಮುಗಿಯಿತು.

ಆದರೆ ಈ ಕೊನೆಯ ಸಾಧ್ಯತೆಯಲ್ಲಿ ಗಡಿಯಾರವನ್ನು ಇನ್ನೊಂದು ಕಡೆಯಿಂದ ಸುತ್ತಿ ನೋಡಬೇಕು. ಶಿರಸಿಯ ಬೆಳಿಗ್ಗೆ 7ರಿಂದ 10.30 ಎಂದರೆ ಪಶ್ಚಿಮ ತೀರದಲ್ಲಿ ಹಿಂದಿನ ದಿನದ ಸಂಜೆ 6.30ರಿಂದ ರಾತ್ರಿ 10, ಸಿಡ್ನಿಯಲ್ಲಿ ಮಧ್ಯಾಹ್ನ 12.30ರಿಂದ 4. ಮೂವರಿಗೂ ಸಲೀಸು. ಅಡ್ಡ ಬರುವಾತ ಈಗ ಜರ್ಮನಿಯವನು, ಅವನಿಗೆ ಆಗ ಕಗ್ಗತ್ತಲೆಯ 2.30. ಸಂಜೆಯ ಲೆಕ್ಕದಲ್ಲಿ ಯಾವ ತೊಂದರೆಯನ್ನೂ ಕೊಡದಿದ್ದವನೇ ಬೆಳಗಿನ ಲೆಕ್ಕದಲ್ಲಿ ಗಂಟಾಗುತ್ತಾನೆ. ಸಂಜೆ ಎಂದು ಮೊದಲೇ ಬರೆದುಬಿಟ್ಟ ಮೇಷ್ಟ್ರು ಈ ಬಾಗಿಲನ್ನು ನೋಡಲೇ ಇಲ್ಲ. ವಿದೇಶದ ಸಭೆ ಎಂದರೆ ನಮ್ಮ ಸಂಜೆಯೇ ಎಂಬ ರೂಢಿ ಹುಟ್ಟಿದ್ದು ಭಾರತ ಮತ್ತು ಅಮೆರಿಕ ಎರಡೇ ಇರುವ ಕಚೇರಿ ಕರೆಗಳಿಂದ. ಆಸ್ಟ್ರೇಲಿಯಾ ಸೇರಿದ ಕೂಡಲೇ ಆ ರೂಢಿ ಸಡಿಲವಾಗುತ್ತದೆ.

ಈ ಕಸರತ್ತಿನಿಂದ ಎರಡು ವಿಷಯ ಖಚಿತವಾಯಿತು. ಊರು ತಿಳಿಯದೆ ನಾಲ್ವರಿಗೂ ಹೊಂದುವ ಸುರಕ್ಷಿತ ಗಂಟೆ ಒಂದೂ ಇಲ್ಲ. ಆದರೆ ಊರು ಕೇಳಬೇಕಾದದ್ದು ಇಬ್ಬರನ್ನು ಮಾತ್ರ.

ಇಲ್ಲಿಯವರೆಗೆ ನಾವು ಊಹೆಯಿಂದ ನುಂಗಿಕೊಂಡದ್ದು ಬೆಳಿಗ್ಗೆ 7 ಮತ್ತು ರಾತ್ರಿ 10 ಎಂಬ ಗಡಿಗಳನ್ನು. ನನ್ನ ಮಟ್ಟಿಗೆ ಇಡೀ ಸಮಸ್ಯೆಯ ಕಷ್ಟದ ಭಾಗ ಇದೇ. ಊರು ಗೊತ್ತಾದರೆ ಸಮಯ ಹೇಳುವ ಪಟ್ಟಿ ಜಗತ್ತಿನಲ್ಲಿದೆ. ಬಿಡುವು ಹೇಳುವ ಪಟ್ಟಿ ಎಲ್ಲೂ ಇಲ್ಲ.

2025ರ ಮಾರ್ಚ್ 16 ರಂಜಾನ್ ಉಪವಾಸದ ದಿನಗಳಲ್ಲಿ ಬಂತು. ಶಿರಸಿಯಲ್ಲಿ ಅಂದು ಸೂರ್ಯ ಮುಳುಗುವುದು 6.40ರ ಸುಮಾರಿಗೆ. ಮೇಷ್ಟ್ರ ಪಕ್ಕದಲ್ಲಿ ಕೂತು ಅದೇ ಲ್ಯಾಪ್‌ಟಾಪಿನಲ್ಲಿ ಸಭೆಗೆ ಸೇರಬೇಕಾದ ಖಜಾಂಚಿ ಉಪವಾಸವಿದ್ದರೆ ಆರೂಕಾಲರಿಂದ ಏಳೂಕಾಲರವರೆಗೆ ಅವರು ಸಿಗುವುದಿಲ್ಲ. ಮೂರು ಗಂಟೆಯ ಸಂಜೆ ಎಂದು ನಾವು ಹಿಗ್ಗಿದ್ದು ಒಂದೇ ಏಟಿಗೆ ಅರ್ಧವಾಯಿತು. ಭಾನುವಾರ ಎಂದರೆ ರಜೆ ಎಂಬುದೂ ಊಹೆಯೇ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಅಂದೂ ಪಾಳಿ ಇರುತ್ತದೆ. ಸೌದಿ ಅರೇಬಿಯಾದಲ್ಲಿರುವವರಿಗೆ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಭಾನುವಾರ ಅವರಿಗೆ ಕೆಲಸದ ಮೊದಲ ದಿನ.

ಇದಕ್ಕೆ ದೇಹದ ಗಡಿಯಾರವನ್ನೂ ಸೇರಿಸಬೇಕು. ರಾತ್ರಿ ಮಲಗಿ ಬೆಳಿಗ್ಗೆ ಏಳುವವರ ದೇಹದ ಉಷ್ಣತೆ ಅತಿ ಕಡಿಮೆ ಇರುವುದು ನಸುಕಿನ ನಾಲ್ಕೈದರ ಹೊತ್ತಿಗೆ. ಎಚ್ಚರ, ನೆನಪು, ತೀರ್ಮಾನ ಎಲ್ಲವೂ ಮಂಕಾಗಿರುವ ಹೊತ್ತದು. ಆದ್ದರಿಂದ ಮಲಗುವ ಹೊತ್ತಿಗಿಂತ ಒಂದು ಗಂಟೆ ತಡವಾಗಿ ಕೂರುವುದೂ, ಏಳುವ ಹೊತ್ತಿಗಿಂತ ಎರಡು ಗಂಟೆ ಮೊದಲು ಎದ್ದು ಕೂರುವುದೂ ಒಂದೇ ಬಗೆಯ ತ್ಯಾಗವಲ್ಲ. ರಾತ್ರಿ 11ಕ್ಕೆ ಹುರುಪಿನಲ್ಲಿರುವವರು ಇದ್ದಾರೆ, ಬೆಳಿಗ್ಗೆ 5ಕ್ಕೆ ಎದ್ದು ಕಾಫಿ ಕುಡಿದು ಕೂತವರೂ ಇದ್ದಾರೆ. ಅವರು ಹುಟ್ಟಾ ಹಾಗೆ ಇರಬಹುದು, ಮನೆಯಲ್ಲಿ ಚಿಕ್ಕ ಮಗು ಇರುವುದರಿಂದಲೂ ಹಾಗಾಗಿರಬಹುದು. ಈ ವ್ಯತ್ಯಾಸದ ಮೇಲೆಯೇ ಅಸಾಧ್ಯವೆಂದು ಕಂಡ ಎಷ್ಟೋ ಸಭೆಗಳು ನಡೆಯುತ್ತವೆ.

ನಿಜವಾಗಿಯೂ ಅಸಾಧ್ಯವಾದ ಸಭೆಗಳೂ ಇವೆಯೇ? ಇವೆ, ಅದನ್ನು ಮೊದಲೇ ಕಂಡುಕೊಳ್ಳುವ ಸುಲಭ ದಾರಿಯೂ ಇದೆ. ಎಚ್ಚರದ ಹೊತ್ತುಗಳನ್ನು ಹೊಂದಿಸುವ ಬದಲು ನಿದ್ದೆಯ ಹೊತ್ತುಗಳನ್ನು ನೋಡಬೇಕು. 24 ಗಂಟೆಯ ವೃತ್ತವೊಂದನ್ನು ಬರೆದು ಪ್ರತಿಯೊಬ್ಬರ ರಾತ್ರಿಯನ್ನೂ ಅದರ ಮೇಲೆ ಕಂಬಳಿಯಂತೆ ಹೊದಿಸುತ್ತ ಹೋಗಿ. ಎಲ್ಲರ ಕಂಬಳಿ ಹೊದಿಸಿದ ಮೇಲೂ ವೃತ್ತದಲ್ಲಿ ಬರಿದಾದ ಜಾಗ ಉಳಿದರೆ ಸಭೆಗೆ ಅಲ್ಲಿ ಎಡೆಯಿದೆ. ರಾತ್ರಿ 10ರಿಂದ ಬೆಳಿಗ್ಗೆ 7 ಎಂದರೆ ಒಂದು ಕಂಬಳಿ ಒಂಬತ್ತು ಗಂಟೆ ಉದ್ದ. ಇಬ್ಬರೇ ಇದ್ದರೆ ಒಟ್ಟು ಹೆಚ್ಚೆಂದರೆ ಹದಿನೆಂಟು ಗಂಟೆ ಮುಚ್ಚೀತು. ಹಾಗಾಗಿ ಭೂಮಿಯ ಯಾವ ಎರಡು ಊರುಗಳ ನಡುವೆಯೂ ಕನಿಷ್ಠ ಆರು ಗಂಟೆ ಸಿಕ್ಕೇ ಸಿಗುತ್ತದೆ. ಮೂವರಾದರೆ ಇಪ್ಪತ್ತೇಳು ಗಂಟೆಯ ಕಂಬಳಿ, ವೃತ್ತ ಇರುವುದು ಇಪ್ಪತ್ತನಾಲ್ಕೇ ಗಂಟೆ. ಅವರು ಸರಿಸಮ ದೂರದಲ್ಲಿದ್ದರೆ ಪೂರ್ತಿ ಮುಚ್ಚಿಹೋಗುತ್ತದೆ. ಮಾರ್ಚ್ 16ರಂದು ಲಾಸ್ ಏಂಜಲೀಸ್, ಬರ್ಲಿನ್, ಟೋಕಿಯೋ ಒಂದಕ್ಕೊಂದು ಸರಿಯಾಗಿ ಎಂಟೆಂಟು ಗಂಟೆ ದೂರದಲ್ಲಿದ್ದವು. ಯುಟಿಸಿಯಲ್ಲಿ ಲಾಸ್ ಏಂಜಲೀಸಿನ ರಾತ್ರಿ 5ರಿಂದ 14, ಟೋಕಿಯೋದ್ದು 13ರಿಂದ 22, ಬರ್ಲಿನ್ನಿನದು 21ರಿಂದ ಮರುದಿನ 6. ಮೂರೂ ಕೂಡಿಕೊಂಡು ಒಂದು ನಿಮಿಷವನ್ನೂ ಬಿಡುವುದಿಲ್ಲ. ಇಂಥ ಮೂರು ಊರಿನವರು ಎಷ್ಟು ಆ್ಯಪ್ ತೆರೆದರೂ ಎಲ್ಲರಿಗೂ ಅನುಕೂಲದ ಸಮಯ ಹುಟ್ಟುವುದಿಲ್ಲ. ಯಾರು ಈ ಸಲ ನಿದ್ದೆ ಬಿಡುತ್ತಾರೆ, ಯಾರು ಮುಂದಿನ ಸಲ ಎಂದು ಸರದಿ ಮಾಡಿಕೊಳ್ಳಬೇಕು, ಇಲ್ಲವೆ ಸಭೆಯನ್ನೇ ಬಿಟ್ಟು ಬರಹದಲ್ಲಿ ತೀರ್ಮಾನಿಸಬೇಕು.

ನಮ್ಮ ಮೇಷ್ಟ್ರ ನಾಲ್ವರಲ್ಲಿ ಕಂಬಳಿಯಲ್ಲಿ ತೂತು ಇದೆಯೋ ಇಲ್ಲವೋ ಎಂಬುದು ಊರು, ಬಿಡುವು ಎರಡನ್ನೂ ಕೇಳಿದರೆ ಮಾತ್ರ ತಿಳಿದೀತು. ಹಾಗಾದರೆ ಏನೆಂದು ಕೇಳಬೇಕು? "ಎಲ್ಲರಿಗೂ ಯಾವಾಗ ಅನುಕೂಲ?" ಎಂದು ಕೇಳಿದರೆ "ಯಾವಾಗಲಾದರೂ ಸರಿ ಸರ್" ಎಂಬ ಉತ್ತರ ಬರುತ್ತದೆ. ಅದು ಗೌರವದ ಮಾತು, ಮಾಹಿತಿ ಅಲ್ಲ. "ನಿಮ್ಮ ಟೈಮ್ ಝೋನ್ ಯಾವುದು?" ಎಂದು ಕೇಳಿದರೆ ಬೇಸಿಗೆಯಲ್ಲೂ ಚಳಿಗಾಲದ ಹೆಸರನ್ನೇ ಬರೆಯುವವರು ಬಹಳ. ಊರಿನ ಹೆಸರನ್ನು ಮಾತ್ರ ಯಾರೂ ತಪ್ಪು ಹೇಳುವುದಿಲ್ಲ. ಮೇಷ್ಟ್ರು ಹೀಗೆ ಬರೆಯಬಹುದು:

"ಮಿತ್ರರೇ, ನಮಸ್ಕಾರ. ಮಾರ್ಚ್ 16ರ ಭಾನುವಾರದ ಆಸುಪಾಸಿನಲ್ಲಿ ಒಂದು ಗಂಟೆಯ ಸಭೆ ಇಡಬೇಕು. ಆ ದಿನ ನೀವು ಯಾವ ಊರಿನಲ್ಲಿ ಇರುತ್ತೀರಿ? ನಿಮ್ಮ ಊರಿನ ಗಡಿಯಾರದಲ್ಲಿ ಎಷ್ಟು ಗಂಟೆಗೆ ಮೊದಲು ಬೇಡ, ಎಷ್ಟು ಗಂಟೆಯ ನಂತರ ಬೇಡ? ಶನಿವಾರ ರಾತ್ರಿ ಆದೀತೇ ಎಂಬುದನ್ನೂ ತಿಳಿಸಿ. ಸಮಯ ನಾನು ಹೊಂದಿಸುತ್ತೇನೆ."

ಇದರಲ್ಲಿ "ಆ ದಿನ" ಎಂಬುದು ಮುಖ್ಯ. ಮನೆ ಇರುವ ಊರು ಬೇರೆ, ಅಂದು ಇರುವ ಊರು ಬೇರೆ ಇದ್ದೀತು. "ನಿಮ್ಮ ಊರಿನ ಗಡಿಯಾರದಲ್ಲಿ" ಎಂಬುದೂ ಅಷ್ಟೇ ಮುಖ್ಯ. ಕೂಡಿ ಕಳೆಯುವ ಕೆಲಸವನ್ನು ನಾಲ್ವರೂ ಮಾಡಿದರೆ ನಾಲ್ಕು ಕಡೆ ತಪ್ಪಾಗುವ ಅವಕಾಶ, ಒಬ್ಬರೇ ಮಾಡಿದರೆ ಒಂದೇ ಕಡೆ.

ಉತ್ತರಗಳು ಹೀಗೆ ಬಂದವು ಎನ್ನಿ. ಅಮೆರಿಕದಾಕೆ ಇರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ: "ಸರ್, ಮಗು ಮಲಗುವುದು ಒಂಬತ್ತೂವರೆಗೆ. ಆಮೇಲೆ ಹನ್ನೆರಡರ ತನಕ ನಂದೇ ಟೈಮು. ಶನಿವಾರ ರಾತ್ರಿ ಆದ್ರೆ ಇನ್ನೂ ಒಳ್ಳೇದು. ಬೆಳಿಗ್ಗೆ ಮಾತ್ರ ಬೇಡ." ಆಸ್ಟ್ರೇಲಿಯಾದಾತ ಮೆಲ್ಬರ್ನ್‌ನ ಆಸ್ಪತ್ರೆಯೊಂದರಲ್ಲಿ ಕೆಲಸದಲ್ಲಿದ್ದಾನೆ, ಭಾನುವಾರವೂ ಬೆಳಗಿನ ಪಾಳಿ. ಮಧ್ಯಾಹ್ನ ಎರಡೂವರೆಯಿಂದ ರಾತ್ರಿ ಎಂಟರವರೆಗೆ ಸಿಗುತ್ತಾನೆ. ಜರ್ಮನಿಯಾತ ಸ್ಟುಟ್‌ಗಾರ್ಟ್‌ನವನು, ಬೆಳಿಗ್ಗೆ ಏಳಕ್ಕೆ ತಯಾರು, ಹತ್ತರ ಮೇಲೆ ಮಗನ ಫುಟ್‌ಬಾಲ್ ಪಂದ್ಯ. ಶಿರಸಿಯ ಖಜಾಂಚಿಗೆ ಸಂಜೆ ಬೇಡ, ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ ಸರಿ.

ನಾಲ್ಕು ಸಾಧ್ಯತೆಗಳಲ್ಲಿ ಅತಿ ಕಷ್ಟದ್ದೇ ನಿಜವಾಯಿತು, ಪಶ್ಚಿಮ ತೀರ ಮತ್ತು ಮೆಲ್ಬರ್ನ್. ಎಲ್ಲರ ಬಿಡುವನ್ನೂ ಯುಟಿಸಿಗೆ ತಂದುಕೊಳ್ಳೋಣ. ಸ್ಯಾನ್ ಹೋಸೆ ಅಂದು ಏಳು ಗಂಟೆ ಹಿಂದೆ, ಹಾಗಾಗಿ ಅಲ್ಲಿನ ಶನಿವಾರ ರಾತ್ರಿ 9.30ರಿಂದ 12 ಎಂಬುದು ಯುಟಿಸಿಯಲ್ಲಿ ಭಾನುವಾರ ಬೆಳಿಗ್ಗೆ 4.30ರಿಂದ 7. ಮೆಲ್ಬರ್ನ್ ಹನ್ನೊಂದು ಗಂಟೆ ಮುಂದೆ, ಅದರದ್ದು 3.30ರಿಂದ 9. ಸ್ಟುಟ್‌ಗಾರ್ಟ್‌ನದು 6ರಿಂದ 9. ಶಿರಸಿಯದು 3.30ರಿಂದ 7.30. ಇನ್ನು ಉಳಿದದ್ದು ಪ್ರಾಥಮಿಕ ಶಾಲೆಯ ಲೆಕ್ಕ. ಶುರುವಾಗುವ ಹೊತ್ತುಗಳಲ್ಲಿ ಅತಿ ತಡವಾದದ್ದು 6, ಮುಗಿಯುವ ಹೊತ್ತುಗಳಲ್ಲಿ ಅತಿ ಬೇಗನೆಯದು 7. ಮೊದಲನೆಯದು ಎರಡನೆಯದಕ್ಕಿಂತ ಮುಂಚೆ ಬಂದಿದೆ, ಆದ್ದರಿಂದ ಸಭೆ ಸಾಧ್ಯ, ಸರಿಯಾಗಿ ಒಂದು ಗಂಟೆ. ಶಿರಸಿಯಲ್ಲಿ ಬೆಳಿಗ್ಗೆ 11.30, ಸ್ಟುಟ್‌ಗಾರ್ಟ್‌ನಲ್ಲಿ ಬೆಳಿಗ್ಗೆ 7, ಮೆಲ್ಬರ್ನ್‌ನಲ್ಲಿ ಸಂಜೆ 5, ಸ್ಯಾನ್ ಹೋಸೆಯಲ್ಲಿ ಶನಿವಾರ, ಮಾರ್ಚ್ 15ರ ರಾತ್ರಿ 11.

ರಾತ್ರಿ ಹತ್ತಕ್ಕೆ ಎಲ್ಲರೂ ಮಲಗುತ್ತಾರೆ ಎಂಬ ಊಹೆಯಲ್ಲಿ ಈ ಗಂಟೆ ನಮಗೆ ಕಂಡೇ ಇರಲಿಲ್ಲ. ಅದನ್ನು ತೆರೆದದ್ದು ಮಗು ಮಲಗುವ ಹೊತ್ತು.

ಲೆಕ್ಕ ತಪ್ಪುವುದು ಹೆಚ್ಚಾಗಿ ದಿನಾಂಕದಲ್ಲಿ. ಆಕೆಗೆ ಸಭೆ ಶನಿವಾರ, ಉಳಿದವರಿಗೆ ಭಾನುವಾರ. "ಭಾನುವಾರದ ಸಭೆ" ಎಂದು ಮತ್ತೆ ಮತ್ತೆ ಬರೆದರೆ ಆಕೆ ಭಾನುವಾರ ರಾತ್ರಿ 11ಕ್ಕೆ ಒಬ್ಬಳೇ ಕ್ಯಾಮೆರಾ ಮುಂದೆ ಕೂತಿರುತ್ತಾಳೆ. ಹಾಗಾಗಿ ಕೊನೆಯ ಆಹ್ವಾನದಲ್ಲಿ ಊರು, ವಾರ, ದಿನಾಂಕ, ಗಂಟೆ ನಾಲ್ಕನ್ನೂ ಪ್ರತಿಯೊಬ್ಬರಿಗೂ ಬೇರೆ ಬೇರೆ ಬರೆಯಬೇಕು. "ರಾತ್ರಿ 12" ಎಂಬುದನ್ನಂತೂ ಬರೆಯಲೇಬಾರದು, ಅದು ಯಾವ ದಿನದ್ದೆಂದು ಅರ್ಧ ಜನಕ್ಕೆ ಅನುಮಾನ. 11.55 ಎಂದರೆ ಜಗಳವಿಲ್ಲ.

ಸಭೆ ಒಂದೇ ಆಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಶತಮಾನೋತ್ಸವದ ಸಭೆ ಒಂದಕ್ಕೆ ಮುಗಿದ ಉದಾಹರಣೆ ಇಲ್ಲ. ಎರಡು ವಾರ ಬಿಟ್ಟು ಮತ್ತೆ ಸೇರೋಣ ಎಂದರೆ ಬೇರೊಂದು ವಿಷಯ ಎದುರಾಗುತ್ತದೆ. ಅಮೆರಿಕ ಗಡಿಯಾರ ಮುಂದೂಡುವುದು ಮಾರ್ಚಿನ ಎರಡನೇ ಭಾನುವಾರ. ಯುರೋಪು ಮುಂದೂಡುವುದು ಮಾರ್ಚಿನ ಕೊನೆಯ ಭಾನುವಾರ. ದಕ್ಷಿಣಾರ್ಧದ ಮೆಲ್ಬರ್ನ್ ಏಪ್ರಿಲಿನ ಮೊದಲ ಭಾನುವಾರ ಗಡಿಯಾರವನ್ನು ಹಿಂದಕ್ಕೆ ತಿರುಗಿಸುತ್ತದೆ. 2025ರಲ್ಲಿ ಆ ಮೂರು ದಿನಗಳು ಮಾರ್ಚ್ 9, ಮಾರ್ಚ್ 30, ಏಪ್ರಿಲ್ 6. ಶಿರಸಿಯ 11.30 ಅಲುಗಾಡದೆ ನಿಂತಿದ್ದರೂ ನಾಲ್ಕು ವಾರಗಳೊಳಗೆ ಮೂರು ಬೇರೆ ಬೇರೆ ಭಾನುವಾರಗಳಲ್ಲಿ ಮೂವರಿಗೂ ಅದು ಜಾಗ ಬದಲಿಸುತ್ತದೆ. ಸ್ಯಾನ್ ಹೋಸೆ ಮತ್ತು ಸ್ಟುಟ್‌ಗಾರ್ಟ್ ನಡುವೆ ವರ್ಷದ ಬಹುಪಾಲು ಒಂಬತ್ತು ಗಂಟೆ ಅಂತರ. ಆದರೆ ಮಾರ್ಚ್ 9ರಿಂದ 30ರವರೆಗಿನ ಮೂರು ವಾರ ಅದು ಎಂಟು. ಅಂತರ ಕಡಿಮೆಯಾದರೆ ಸುಲಭವಾಗಬೇಕಲ್ಲವೇ? ಇಲ್ಲಿ ತಿರುಗುಮುರುಗು. ಆಕೆಯ ತಡರಾತ್ರಿ ಅವನ ಬೆಳಗನ್ನು ಮುಟ್ಟಬೇಕಾದ್ದರಿಂದ ಒಂದು ಗಂಟೆ ಕಡಿಮೆಯಾದಷ್ಟೂ ಆಕೆ ಒಂದು ಗಂಟೆ ಹೆಚ್ಚು ಕಾಯಬೇಕು. ಮೇಷ್ಟ್ರು ಆರಿಸಿಕೊಂಡ ದಿನ ವಸಂತದ ಅತಿ ಇಕ್ಕಟ್ಟಿನ ದಿನಗಳಲ್ಲಿ ಒಂದು.

ಇಂಥ ನಿಯಮಗಳನ್ನೆಲ್ಲ ಒಂದೆಡೆ ಸೇರಿಸಿಟ್ಟ ಪಟ್ಟಿ ಇದೆ ಎಂದೆನಲ್ಲ, ಅದನ್ನು 1980ರ ದಶಕದಲ್ಲಿ ಆರಂಭಿಸಿದವರು ಅಮೆರಿಕದ ಆರ್ಥರ್ ಡೇವಿಡ್ ಓಲ್ಸನ್. ಅವರ ನಂತರ ಪಾಲ್ ಎಗರ್ಟ್ ನೋಡಿಕೊಂಡು ಬಂದರು. ನಮ್ಮ ಮೊಬೈಲುಗಳ ಒಳಗಿನ ಗಡಿಯಾರಗಳು ಇದನ್ನೇ ನೆಚ್ಚಿಕೊಂಡಿವೆ. ಆ ಪಟ್ಟಿಯಲ್ಲಿ ವಲಯಗಳಿಗೆ ಊರಿನ ಹೆಸರುಗಳೇ ಇವೆ. ಇಡೀ ಭಾರತಕ್ಕೆ `Asia/Kolkata`, ಸ್ಯಾನ್ ಹೋಸೆಗೆ `America/Los_Angeles`, ಸ್ಟುಟ್‌ಗಾರ್ಟ್‌ಗೆ `Europe/Berlin`. ದೇಶಗಳು ಒಡೆಯುತ್ತವೆ, ಕೂಡುತ್ತವೆ, ಊರು ಉಳಿಯುತ್ತದೆ ಎಂಬುದು ಅದರ ಹಿಂದಿನ ಯೋಚನೆ. ಕ್ಯಾಲೆಂಡರಿನಲ್ಲಿ ಸಭೆ ನಮೂದಿಸುವಾಗ ನೀವೂ ಊರಿನ ಹೆಸರನ್ನೇ ಆರಿಸಿ, ಕೂಡಿ ಕಳೆದ ಗಂಟೆಯನ್ನಲ್ಲ. ಸರ್ಕಾರಗಳು ಮನಸ್ಸು ಬದಲಿಸುತ್ತವೆ. 2023ರ ಮಾರ್ಚಿನಲ್ಲಿ ಲೆಬನಾನ್ ಸರ್ಕಾರ ಗಡಿಯಾರ ಮುಂದೂಡುವುದನ್ನು ಕೊನೆ ಗಳಿಗೆಯಲ್ಲಿ ತಡೆಹಿಡಿಯಿತು. ಕೆಲವರು ಒಪ್ಪಿದರು, ಕೆಲವರು ಒಪ್ಪಲಿಲ್ಲ. ಕೆಲವು ದಿನ ಒಂದೇ ದೇಶದಲ್ಲಿ ಎರಡು ಸಮಯ ನಡೆದು, ಕೊನೆಗೆ ಸರ್ಕಾರವೇ ಹಿಂದೆ ಸರಿಯಿತು. ಅಲ್ಲಿ ಊರಿನ ಹೆಸರಿನಿಂದ ನಮೂದಿಸಿದ ಸಭೆ ಪಟ್ಟಿ ತಿದ್ದಿದಾಗ ತಾನೂ ಸರಿಹೋಗುತ್ತದೆ. ಬರೀ ಗಂಟೆಯಾಗಿ ಬರೆದಿಟ್ಟದ್ದು ತಪ್ಪಾಗಿಯೇ ಉಳಿಯುತ್ತದೆ.

ಮೇಷ್ಟ್ರ ಎರಡನೇ ಸಭೆಗೆ ಮಾರ್ಚ್ 30 ಬೇಡ. ಅಂದು ಯುಗಾದಿ, ಜರ್ಮನಿಯಲ್ಲಿ ಅದೇ ರಾತ್ರಿ ಒಂದು ಗಂಟೆ ನಿದ್ದೆ ಖೋತಾ. ಒಂದು ವಾರ ಬಿಟ್ಟು ಏಪ್ರಿಲ್ 6ಕ್ಕೆ ಇಟ್ಟರೆ ಸ್ಟುಟ್‌ಗಾರ್ಟ್‌ನ ಬೆಳಿಗ್ಗೆ ಏಳು ಯುಟಿಸಿಯ 5ಕ್ಕೆ ಸರಿದಿರುತ್ತದೆ, ಹಾಗಾಗಿ ಎಲ್ಲರಿಗೂ ಒಂದರ ಬದಲು ಎರಡು ಗಂಟೆ ಸಿಗುತ್ತದೆ. ಶಿರಸಿಯಲ್ಲಿ ಭಾನುವಾರ ಬೆಳಿಗ್ಗೆ 10.30, ಸ್ಟುಟ್‌ಗಾರ್ಟ್‌ನಲ್ಲಿ 7, ಮೆಲ್ಬರ್ನ್‌ನಲ್ಲಿ ಮಧ್ಯಾಹ್ನ 3, ಸ್ಯಾನ್ ಹೋಸೆಯಲ್ಲಿ ಏಪ್ರಿಲ್ 5, ಶನಿವಾರ ರಾತ್ರಿ 10.

ಹೊರದೇಶದಲ್ಲಿರುವ ಓದುಗರಲ್ಲಿ ಒಂದು ಕೋರಿಕೆ. ಇಂಥ ಗುಂಪುಗಳಲ್ಲಿ ನಿಮ್ಮ ಹೆಸರಿನ ಪಕ್ಕ ದೇಶದ ಬದಲು ಊರಿನ ಹೆಸರು ಹಾಕಿಡಿ, ಊರು ಬದಲಾದ ದಿನ ಅದನ್ನೂ ಬದಲಿಸಿ. ಮೇಷ್ಟ್ರು ಕೇಳಿದಾಗ "ಯಾವಾಗಲಾದರೂ ಸರಿ" ಎನ್ನದೆ ಎರಡು ಗಂಟೆಗಳನ್ನು ಬರೆದು ಕಳಿಸಿ.